‘ಎಷ್ಟು ಸ್ಪೀಡಾಗಿ ಬಂದು ಗುದ್ತು?’ ಎಂದು ಕೇಳಿದ್ದು ನಾವೇ

ಹೋದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ತಾಲ್ಲೂಕಿನ ಒಂದು ಕ್ರಾಸಿನಲ್ಲಿ ಹಾಲಿನ ಕ್ಯಾಂಟರಿಗೂ ಬೈಕಿಗೂ ಅಪಘಾತವಾಯಿತು. ಬೈಕಿನಲ್ಲಿದ್ದ ಹುಡುಗನ ಕಾಲು ಮುರಿಯಿತು. ಸುದ್ದಿ ತಿಳಿದ ಅರ್ಧ ಗಂಟೆಗೆ ನಾವು ಅಲ್ಲಿದ್ದೆವು. ಅಷ್ಟರಲ್ಲಿ ಹುಡುಗನನ್ನು ಆಂಬುಲೆನ್ಸಿನಲ್ಲಿ ಕಳಿಸಿದ್ದರು, ಕ್ಯಾಂಟರ್ ಡ್ರೈವರನಿಗೆ ಜನ ನಾಲ್ಕು ಏಟು ಹಾಕಿಯೂ ಆಗಿತ್ತು.

ಕ್ರಾಸಿನಲ್ಲೇ ಟೀ ಅಂಗಡಿ ಇಟ್ಟಿರುವ ಯಜಮಾನರ ಮುಂದೆ ಫೋನ್ ಹಿಡಿದು ಕೇಳಿದೆವು: “ಕ್ಯಾಂಟರ್ ಎಷ್ಟು ಸ್ಪೀಡಾಗಿ ಬಂದು ಗುದ್ತು ಯಜಮಾನ್ರೆ?”

“ಏನ್ ಹೇಳೋದು ಸಾ, ಎಂಬತ್ತರ ಮೇಲೇ ಇತ್ತು” ಎಂದರು.

ಮರುದಿನ ನಮ್ಮ ಸುದ್ದಿ ಬಂತು. ‘ಅತಿವೇಗವಾಗಿ ಬಂದ ಕ್ಯಾಂಟರ್ ಡಿಕ್ಕಿ, ಯುವಕನಿಗೆ ಗಂಭೀರ ಗಾಯ.’ ಕೆಳಗೆ ಪ್ರತ್ಯಕ್ಷದರ್ಶಿಯ ಮಾತು, ಎಂಬತ್ತರ ಲೆಕ್ಕ. ಆ ಸುದ್ದಿಯ ಫೋಟೋ ಊರೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಮಾಲೀಕ ಡ್ರೈವರನನ್ನು ಕೆಲಸದಿಂದ ಬಿಡಿಸಿದ.

ಹತ್ತು ದಿನ ಕಳೆದ ಮೇಲೆ ಎದುರಿನ ಗೊಬ್ಬರದ ಅಂಗಡಿಯ ಸಿಸಿಟಿವಿ ದೃಶ್ಯ ಸಿಕ್ಕಿತು. ಅದರಲ್ಲಿ ಕ್ಯಾಂಟರ್ ಹಂಪ್ ದಾಟಲು ಹೆಚ್ಚುಕಡಿಮೆ ನಿಂತೇಬಿಟ್ಟಿದೆ. ಬೈಕ್ ರಸ್ತೆಯಂಚಿನ ಜಲ್ಲಿಯ ಮೇಲೆ ಜಾರಿ, ಅದರ ಹಿಂದಿನ ಚಕ್ರಕ್ಕೆ ಹೋಗಿ ತಾಗಿದೆ.

ನಾವು ಫೋನಿನಲ್ಲಿದ್ದ ರೆಕಾರ್ಡಿಂಗ್ ತೆಗೆದು ಮತ್ತೆ ಕೇಳಿದೆವು. ನಮ್ಮ ಪ್ರಶ್ನೆಗೂ ಮೊದಲು, ಯಜಮಾನರು ಪಕ್ಕದಲ್ಲಿದ್ದವರಿಗೆ ಹೇಳಿದ ಮಾತು ಅದರಲ್ಲಿ ಸಣ್ಣಗೆ ಕೇಳಿಸುತ್ತದೆ. “ನಾನು ಟೀ ಸೋಸ್ತಿದ್ದೆ. ಧಡ್ ಅಂತು. ತಿರುಗಿ ನೋಡಿದ್ರೆ ಹುಡುಗ ಬಿದ್ದವ್ನೆ.”

ಅಂದರೆ ಅವರು ಅಪಘಾತವನ್ನು ನೋಡಿಯೇ ಇರಲಿಲ್ಲ. ಸದ್ದು ಕೇಳಿ ತಿರುಗಿದ್ದರು. ಎರಡೇ ನಿಮಿಷದ ಮೇಲೆ ನಾವು ‘ಸ್ಪೀಡಾಗಿ ಬಂದು ಗುದ್ತು’ ಎಂಬುದನ್ನು ಪ್ರಶ್ನೆಯೊಳಗೇ ತುಂಬಿ ಕೊಟ್ಟೆವು. ಅವರು ಅದಕ್ಕೊಂದು ಸಂಖ್ಯೆ ಸೇರಿಸಿ ವಾಪಸ್ ಕೊಟ್ಟರು. ಆಮೇಲೆ ಹೋಗಿ ವಿಚಾರಿಸಿದಾಗಲೂ ಯಜಮಾನರು ಬದಲಾಗಲಿಲ್ಲ. “ನನ್ನ ಕಣ್ಣಾರೆ ಕಂಡೆ ಸಾ” ಎಂದರು. ಅವರು ಸುಳ್ಳುಗಾರರಲ್ಲ. ಡ್ರೈವರನ ಮೇಲೆ ಹಗೆಯೂ ಇಲ್ಲ. ಅವರ ನೆನಪಿನಲ್ಲಿ ಈಗ ನಿಜವಾಗಿಯೂ ಎಂಬತ್ತರಲ್ಲಿ ಓಡುವ ಒಂದು ಕ್ಯಾಂಟರ್ ಇದೆ. ಅದನ್ನು ಅಲ್ಲಿಗೆ ಓಡಿಸಿದವರು ನಾವು.

ಇದು ಹೇಗಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಎಂಬವರ ಜೊತೆ ಸೇರಿ 1974ರಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅವರು 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಸಣ್ಣ ಸಣ್ಣ ಫಿಲ್ಮು ತೋರಿಸಿದರು. ಆಮೇಲೆ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದೇ ಒಂದು ಪದ ಬದಲಾಗುತ್ತಿತ್ತು. ಕೆಲವರಿಗೆ ‘ಅಪ್ಪಳಿಸಿದಾಗ’ ಎಂಬಂಥ ಪದ, ಕೆಲವರಿಗೆ ‘ಗುದ್ದಿದಾಗ’, ಕೆಲವರಿಗೆ ಬರೀ ‘ತಾಗಿದಾಗ’. ಎಲ್ಲರೂ ನೋಡಿದ್ದು ಅವೇ ಫಿಲ್ಮುಗಳು. ಆದರೆ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು ಹೇಳಿದ ವೇಗ ಸರಾಸರಿ ಗಂಟೆಗೆ ಸುಮಾರು 65 ಕಿಲೋಮೀಟರ್. ‘ತಾಗಿದಾಗ’ ಎಂದು ಕೇಳಿಸಿಕೊಂಡವರು ಹೇಳಿದ್ದು ಸುಮಾರು 51.

ಅಂದಾಜು ತಾನೆ, ಮಾತಿನ ಭರದಲ್ಲಿ ಹತ್ತು ಹದಿನೈದು ಹೆಚ್ಚುಕಡಿಮೆ ಆಗುತ್ತದೆ ಎನ್ನಬಹುದು. ಅದಕ್ಕೇ ಅವರು ಎರಡನೇ ಪರೀಕ್ಷೆ ಮಾಡಿದರು. ಈ ಸಲ 150 ಜನ. 50 ಮಂದಿಗೆ ‘ಅಪ್ಪಳಿಸಿದಾಗ’ ಎಂದು, 50 ಮಂದಿಗೆ ‘ಗುದ್ದಿದಾಗ’ ಎಂದು ಕೇಳಿದರು. ಉಳಿದ 50 ಮಂದಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು, ಫಿಲ್ಮನ್ನು ಮತ್ತೆ ತೋರಿಸದೆ ಕೇಳಿದರು: ಒಡೆದ ಗಾಜು ಏನಾದರೂ ನೋಡಿದಿರಾ? ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸಿದ’ ಗುಂಪಿನಲ್ಲಿ 16 ಮಂದಿ ‘ನೋಡಿದೆವು’ ಎಂದರು. ‘ಗುದ್ದಿದ’ ಗುಂಪಿನಲ್ಲಿ 7, ಏನೂ ಕೇಳಿಸಿಕೊಳ್ಳದವರಲ್ಲಿ 6.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ವಾರದ ಹಿಂದೆ ಕೇಳಿದ ಪ್ರಶ್ನೆಯ ಒಂದು ಪದ ನೆನಪಿನೊಳಗೆ ಕೂತು, ಇಲ್ಲದ ಗಾಜನ್ನು ಒಡೆದು ಹಾಕಿತು. ಎರಡು, ಆ ಗುಂಪಿನಲ್ಲೂ 34 ಮಂದಿ ‘ಗಾಜು ಇರಲಿಲ್ಲ’ ಎಂದು ಸರಿಯಾಗಿಯೇ ಹೇಳಿದರು. ಕೆಟ್ಟ ಪ್ರಶ್ನೆ ಎಲ್ಲರ ನೆನಪನ್ನೂ ಕೆಡಿಸುವುದಿಲ್ಲ. ಕೆಲವರದನ್ನು ಕೆಡಿಸುತ್ತದೆ, ಅವರು ಯಾರು ಎಂದು ಮುಖ ನೋಡಿ ಹೇಳಲಾಗುವುದಿಲ್ಲ. ಇಲ್ಲದ ಗಾಜು ನೋಡಿದವರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿರುತ್ತಾರೆ.

ನಮ್ಮ ಭಾಷೆಯಲ್ಲಂತೂ ಇಂಥ ಪದಗಳಿಗೆ ಬರವಿಲ್ಲ. ತಗುಲಿತು, ಸವರಿತು, ಗುದ್ದಿತು, ಅಪ್ಪಳಿಸಿತು, ನುಗ್ಗಿತು. ಒಂದೊಂದಕ್ಕೂ ಒಂದೊಂದು ವೇಗ ಇದೆ. ‘ಬೈಕಿಗೆ ಕ್ಯಾಂಟರ್ ಡಿಕ್ಕಿ’ ಎಂದು ಬರೆದ ಕೂಡಲೇ ಯಾರು ಯಾರಿಗೆ ಹೊಡೆದರು ಎಂಬ ತೀರ್ಪೂ ಆಗಿಹೋಗುತ್ತದೆ. ‘ಅವನು ಕುಡಿದಿದ್ನಾ?’ ಎಂದು ಕೇಳುವುದಕ್ಕೂ ‘ಅವನು ಕುಡಿದಿದ್ದ ತಾನೆ?’ ಎಂದು ಕೇಳುವುದಕ್ಕೂ ಒಂದೇ ಪದದ ವ್ಯತ್ಯಾಸ. ಆದರೆ ಎರಡನೆಯದು ಪ್ರಶ್ನೆಯೇ ಅಲ್ಲ, ಉತ್ತರ.

ಇದರ ಜೊತೆಗೆ ಗಾಬರಿಯೂ ಸೇರುತ್ತದೆ. ‘ಅಂಥ ಭಯದ ಹೊತ್ತಲ್ಲಿ ಕಂಡದ್ದು ಮರೆಯೋಕಾಗುತ್ತಾ?’ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅಮೆರಿಕದ ಸೇನೆಯ ತರಬೇತಿ ಶಿಬಿರದಲ್ಲಿ 500ಕ್ಕೂ ಹೆಚ್ಚು ಸೈನಿಕರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಸೆರೆ ಸಿಕ್ಕರೆ ಏನಾಗುತ್ತದೆ ಎಂದು ಕಲಿಸಲು ಸೈನಿಕರನ್ನು ಊಟ ನಿದ್ದೆ ಇಲ್ಲದೆ ಇಟ್ಟು, ಎದುರೆದುರು ಕೂರಿಸಿಕೊಂಡು ವಿಚಾರಣೆ ಮಾಡಿದರು. ಒಬ್ಬ ಅಧಿಕಾರಿಯದು ಮೈಮೇಲೆ ಬೀಳುವ, ಹೆದರಿಸುವ ವಿಚಾರಣೆ. ಇನ್ನೊಬ್ಬನದು ಬರೀ ಮಾತಿನ ವಿಚಾರಣೆ. ಶಿಬಿರ ಮುಗಿದು ಒಂದು ದಿನವಾದ ಮೇಲೆ ಜನರನ್ನು ಸಾಲಾಗಿ ನಿಲ್ಲಿಸಿ, ನಿಮ್ಮನ್ನು ವಿಚಾರಿಸಿದವನು ಯಾರು ಎಂದು ಕೇಳಿದರು. ಮಾತಿನಲ್ಲೇ ವಿಚಾರಿಸಿದವನನ್ನು 100ರಲ್ಲಿ ಸುಮಾರು 62 ಮಂದಿ ಗುರುತಿಸಿದರು. ಹೆದರಿಸಿದವನನ್ನು ಗುರುತಿಸಿದ್ದು ಸುಮಾರು 30 ಮಂದಿ ಮಾತ್ರ. ಅವರು ಗಟ್ಟಿ ಜೀವದ ಸೈನಿಕರು, ಮುಖವನ್ನು ಎದುರಿಗೇ ಬಹಳ ಹೊತ್ತು ನೋಡಿದ್ದವರು. ರಾತ್ರಿ ಹೊಲದಲ್ಲಿ ಓಡಿಹೋದವನ ಮುಖವನ್ನು ಟಾರ್ಚ್ ಬೆಳಕಿನಲ್ಲಿ ಎರಡು ಕ್ಷಣ ಕಂಡವರ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ಇದರಿಂದ ಯೋಚಿಸಬೇಕು.

ಹಾಗಂತ ಸಾಕ್ಷಿಯ ಮಾತೇ ನೆಚ್ಚಿಕೆಗೆ ಯೋಗ್ಯವಲ್ಲ ಎಂದು ನಾವು ಹೇಳುತ್ತಿಲ್ಲ. ಕೆನಡಾದಲ್ಲಿ ನಿಜವಾಗಿಯೇ ನಡೆದ ಒಂದು ಗುಂಡಿನ ದಾಳಿಯನ್ನು ನೋಡಿದ 13 ಮಂದಿಯನ್ನು ಸಂಶೋಧಕರು ನಾಲ್ಕೈದು ತಿಂಗಳ ನಂತರ ಮಾತಾಡಿಸಿದರು. ಬೇಕೆಂದೇ ದಾರಿ ತಪ್ಪಿಸುವ ಪ್ರಶ್ನೆಗಳನ್ನೂ ಹಾಕಿದರು. ಹೆಚ್ಚಿನವರು ಅದಕ್ಕೆ ಬೀಳಲಿಲ್ಲ, ಅವರ ನೆನಪೂ ಬಹುಮಟ್ಟಿಗೆ ಸರಿಯಾಗಿತ್ತು. ಆದರೆ ಅವರು ಹಗಲು ಬೆಳಕಿನಲ್ಲಿ ಘಟನೆಯನ್ನು ನೇರವಾಗಿ ನೋಡಿದ್ದರು. ಅವರ ಮೊದಲ ಹೇಳಿಕೆಯನ್ನು ಪೊಲೀಸರು ಆಗಲೇ ಬರೆದುಕೊಂಡಿದ್ದರು. ನಮ್ಮ ಯಜಮಾನರು ನೋಡಿಯೇ ಇರಲಿಲ್ಲ. ನೆನಪಿನಲ್ಲಿ ಖಾಲಿ ಇರುವ ಜಾಗಕ್ಕೇ ಪ್ರಶ್ನೆ ನುಗ್ಗುವುದು. ವೇಗ, ದೂರ, ಸಮಯ, ಯಾರು ಮೊದಲು ಕೈ ಮಾಡಿದರು ಎಂಬುದು, ಇವೆಲ್ಲ ಅಂಥ ಜಾಗಗಳು.

ನಮ್ಮ ಸುಪ್ರೀಂ ಕೋರ್ಟ್ ಕೂಡ 1983ರಲ್ಲಿ ಗುಜರಾತಿನ ಒಂದು ಪ್ರಕರಣದ ತೀರ್ಪಿನಲ್ಲಿ, ಸಾಕ್ಷಿಯ ನೆನಪು ವಿಡಿಯೋ ಟೇಪ್ ಓಡಿಸಿದ ಹಾಗೆ ಇರುವುದಿಲ್ಲ ಎಂಬ ಅರ್ಥದ ಮಾತು ಹೇಳಿದೆ. ಸಣ್ಣಪುಟ್ಟ ವ್ಯತ್ಯಾಸ ಬಂತೆಂದು ಇಡೀ ಸಾಕ್ಷ್ಯವನ್ನು ತಳ್ಳಿಹಾಕಬಾರದು ಎಂದೂ ಹೇಳಿದೆ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗೆ ಕಾನೂನಿನಲ್ಲಿ ಸೂಚಕ ಪ್ರಶ್ನೆ ಎನ್ನುತ್ತಾರೆ. ತನ್ನ ಕಡೆಯ ಸಾಕ್ಷಿಗೆ ವಕೀಲ ಅದನ್ನು ಹಾಕಿದರೆ ಎದುರಿನ ವಕೀಲ ಆಕ್ಷೇಪಿಸಬಹುದು. ಹಳೆಯ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದ ಈ ನಿಯಮ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 146ನೇ ಕಲಮಿನಲ್ಲೂ ಇದೆ. ಪಾಟೀಸವಾಲಿನಲ್ಲಿ ಇಂಥ ಪ್ರಶ್ನೆಗೆ ಅವಕಾಶ ಇದೆ.

ಆದರೆ ಕೋರ್ಟಿನ ಬಾಗಿಲಲ್ಲಿ ಕಾವಲು ಇದ್ದರೇನು? ಸಾಕ್ಷಿ ಅಲ್ಲಿಗೆ ಹೋಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಸೂಚಕ ಪ್ರಶ್ನೆ ಹಾಕಬೇಕಾದವರೆಲ್ಲ ಹಾಕಿ ಮುಗಿಸಿರುತ್ತಾರೆ: ರಸ್ತೆಯಲ್ಲಿ ಸೇರಿದ ಜನ, ಮೈಕ್ ಹಿಡಿದ ನಾವು, ಠಾಣೆಯವರು, ಅರಳಿಕಟ್ಟೆಯಲ್ಲಿ ಕೂತ ನೆಂಟರು. ಕೋರ್ಟ್ ತಡೆಯುವುದು ಪ್ರಶ್ನೆಯನ್ನು, ಅದರಿಂದ ಆಗಲೇ ಕೆಟ್ಟ ನೆನಪನ್ನಲ್ಲ. ಅದಕ್ಕೇ ನಮ್ಮ ವಾದ ಇಷ್ಟು: ಆ ಎಚ್ಚರ ಕೋರ್ಟಿನಲ್ಲಲ್ಲ, ರಸ್ತೆಯಲ್ಲೇ ಶುರುವಾಗಬೇಕು. ಮೊದಲು ನಮ್ಮಿಂದ.

ಈಗ ನಾವು ಸ್ಥಳಕ್ಕೆ ಹೋದರೆ ಮೊದಲು ಕೇಳುವುದು ಎರಡೇ. “ನೀವು ಎಲ್ಲಿದ್ರಿ, ಏನ್ ಮಾಡ್ತಿದ್ರಿ?” ಆಮೇಲೆ “ಏನಾಯ್ತು ಹೇಳಿ.” ಅವರು ಮುಗಿಸುವ ತನಕ ಬಾಯಿ ಹಾಕುವುದಿಲ್ಲ. ಟೀ ಸೋಸುತ್ತಿದ್ದವರು ಏನು ನೋಡಿರಬಹುದು, ಏನು ನೋಡಿರಲಾರರು ಎಂಬುದು ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಗುದ್ದಿತೋ ತಾಗಿತೋ ಎಂಬ ಪದ ಅವರ ಬಾಯಿಂದಲೇ ಬರಲಿ ಎಂದು ಕಾಯುತ್ತೇವೆ. ವೇಗ ಹೇಳಿದರೆ “ಹೆಂಗ್ ಗೊತ್ತಾಯ್ತು?” ಎಂದು ಕೇಳುತ್ತೇವೆ. ಇಬ್ಬರು ಸಾಕ್ಷಿಗಳಿದ್ದರೆ ಬೇರೆ ಬೇರೆಯಾಗಿ ಮಾತಾಡಿಸುತ್ತೇವೆ, ಯಾಕೆಂದರೆ ಒಬ್ಬರ ಮಾತು ಇನ್ನೊಬ್ಬರ ನೆನಪಾಗಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು.

ನಿಮ್ಮ ಕಣ್ಣ ಮುಂದೆ ಏನಾದರೂ ನಡೆದರೆ, ಯಾರ ಜೊತೆಗೂ ಚರ್ಚೆ ಮಾಡುವ ಮೊದಲು, ವಾಟ್ಸಾಪ್ ವಿಡಿಯೋ ನೋಡುವ ಮೊದಲು, ಕಂಡದ್ದನ್ನು ನಿಮ್ಮದೇ ಮಾತಿನಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಆಮೇಲೆ ಯಾರೋ ಹೇಳಿದ್ದು ಯಾವುದು, ಮೂರನ್ನೂ ಬೇರೆ ಮಾಡಿ ಹೇಳಿ. ಪೊಲೀಸರು ಹೇಳಿಕೆ ಬರೆದುಕೊಂಡರೆ ಓದಿ ಹೇಳುವಂತೆ ಕೇಳಿ. ನಾವೇ ಬಂದು ‘ಅವನು ಫೋನಲ್ಲಿ ಮಾತಾಡ್ತಿದ್ದ ತಾನೆ?’ ಎಂದರೆ, ‘ಅದು ನಾನು ನೋಡ್ಲಿಲ್ಲ’ ಎನ್ನಿ. ನಮಗೆ ಬೇಜಾರಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ನಾವು ಅದನ್ನು ಮರೆತು ಬರೆದ ಸುದ್ದಿಗೆ ತಿದ್ದುಪಡಿ ಬಂತು, ಒಳಪುಟದಲ್ಲಿ, ಎರಡು ಸಾಲು. ಅದನ್ನು ಯಾವ ಗ್ರೂಪಿನಲ್ಲೂ ಯಾರೂ ಹಾಕಲಿಲ್ಲ. ಆ ಡ್ರೈವರ್ ಈಗ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾನೆ. ಕ್ರಾಸಿನ ಟೀ ಅಂಗಡಿಯಲ್ಲಿ ಅವನನ್ನು ಕಂಡವರು ಇವತ್ತಿಗೂ ಹೇಳುವುದು ಒಂದೇ, “ಎಂಬತ್ತರಲ್ಲಿ ಬಂದು ಗುದ್ದಿದ್ನಲ್ಲ, ಅವನೇ.”