ಪ್ಯಾರಾ ಒಂದು, ಮಾತು ಒಂದು

ಹೈಸ್ಕೂಲು ಮಕ್ಕಳ ಪ್ರಬಂಧದಲ್ಲಿ ಪ್ರತಿ ಪ್ಯಾರಾಕ್ಕೂ ಒಂದು ಮುಖ್ಯವಾಕ್ಯ ಇರಬೇಕು, ಅದಕ್ಕೆ ಸಂಬಂಧಿಸದ ವಾಕ್ಯವನ್ನು ಮಕ್ಕಳೇ ಹುಡುಕಿ ತೆಗೆಯಬೇಕು ಎಂದು ಕನ್ನಡ ಶಿಕ್ಷಕರ ಸಭೆಯೊಂದರಲ್ಲಿ ನಾನು ಹೇಳಿದ್ದೆ. ಹಿರಿಯ ಸಹೋದ್ಯೋಗಿಗಳಿಂದ ನಾಲ್ಕು ಆಕ್ಷೇಪಗಳು ಬಂದವು. ಒಂದೊಂದಕ್ಕೂ ನೇರವಾಗಿ ಉತ್ತರಿಸುತ್ತೇನೆ.

ಮೊದಲ ಆಕ್ಷೇಪ: "ಇದು ಇಂಗ್ಲಿಷಿನಿಂದ ಬಂದ ಕಟ್ಟಳೆ. ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ."

ಪ್ಯಾರಾ ಎಂಬ ಅಚ್ಚಿನ ಪದ್ಧತಿ ಹೊರಗಿನಿಂದ ಬಂದದ್ದು ನಿಜ. ಪ್ಯಾರಾದಲ್ಲಿ ಏಕತೆ ಇರಬೇಕೆಂಬ ನಿಯಮವನ್ನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ 1866ರ ತನ್ನ ಪಠ್ಯಪುಸ್ತಕದಲ್ಲಿ ಬರೆದಿಟ್ಟ. ಆದರೆ ಹಿಡಿದ ವಿಷಯ ಬಿಟ್ಟು ಮಾತಾಡಬಾರದು ಎಂಬುದನ್ನು ನಾವು ಅವನಿಂದ ಕಲಿಯಬೇಕಾಗಿರಲಿಲ್ಲ. ನ್ಯಾಯಶಾಸ್ತ್ರ ವಾದದಲ್ಲಿ ಸೋಲಿಗೆ ಕಾರಣವಾಗುವ 22 ನಿಗ್ರಹಸ್ಥಾನಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಅರ್ಥಾಂತರ. ಪ್ರಕೃತ ವಿಷಯಕ್ಕೆ ಸಂಬಂಧವಿಲ್ಲದ ಮಾತು ತಂದವನು ಅಲ್ಲಿಗೇ ಸೋತಂತೆ. ಇನ್ನು ಕೇಶಿರಾಜನ ಶಬ್ದಮಣಿದರ್ಪಣವನ್ನು ತೆರೆಯಿರಿ. ಮೊದಲು ಕಂದಪದ್ಯದಲ್ಲಿ ಸೂತ್ರ, ಅದರ ಕೆಳಗೆ ವೃತ್ತಿ, ಆಮೇಲೆ ಪ್ರಯೋಗ. ಹೇಳಬೇಕಾದ್ದನ್ನು ಹೇಳಿ, ಬಿಡಿಸಿ, ಉದಾಹರಣೆ ಕೊಡುವ ಈ ಕ್ರಮ 13ನೇ ಶತಮಾನದ ಕನ್ನಡದ್ದು. ನಾನು ಮಕ್ಕಳಿಂದ ಕೇಳುವ ಪ್ಯಾರಾ ಇದಕ್ಕಿಂತ ಬೇರೆಯಲ್ಲ.

ಎರಡನೆಯದು: "ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಈಗಾಗಲೇ ಕಲಿಸುತ್ತಿದ್ದೇವಲ್ಲ?"

ಕಲಿಸುತ್ತಿದ್ದೇವೆ, ಅದು ಬೇಕು ಕೂಡ. ಆದರೆ ಅದು ಇಡೀ ಪ್ರಬಂಧವನ್ನು ಮೂರು ಭಾಗ ಮಾಡುತ್ತದೆ, ಅಷ್ಟೆ. ವಿಷಯ ನಿರೂಪಣೆ ಎಂಬ ತಲೆಬರಹದ ಕೆಳಗೆ ಏನು ನಡೆಯಬೇಕೆಂದು ಅದು ಹೇಳುವುದಿಲ್ಲ. ಅಲ್ಲಿ ಮಕ್ಕಳು ನೆನಪಿಗೆ ಬಂದದ್ದನ್ನೆಲ್ಲ ಬಂದ ಕ್ರಮದಲ್ಲೇ ಸುರಿಯುತ್ತಾರೆ. ಮನೆಗೆ ಕೋಣೆಗಳನ್ನು ಕಟ್ಟಿ ಯಾವ ಸಾಮಾನು ಎಲ್ಲಿಡಬೇಕೆಂದು ಹೇಳದೆ ಬಿಟ್ಟಂತೆ.

ಮೂರನೆಯದು: "ವಾಕ್ಯ ಅಳಿಸಿದರೆ ಬರಹ ಬಡವಾಗುತ್ತದೆ. ಮಗುವಿನ ಸ್ವಂತ ಅನುಭವವೇ ಮೊದಲು ಹೋಗುತ್ತದೆ."

ಇದು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಆಕ್ಷೇಪ. ಹಾಗಾಗಿ ನನ್ನ ತರಗತಿಯ ಹುಡುಗನೊಬ್ಬನ ಪ್ಯಾರಾವನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ. ಎಣಿಸಲು ಸುಲಭವಾಗಲೆಂದು ಸಂಖ್ಯೆ ಹಾಕಿದ್ದೇನೆ.

(1) ನಮ್ಮೂರಿನಲ್ಲಿ ಒಂದು ದೊಡ್ಡ ಕೆರೆ ಇದೆ. (2) ಹಿಂದೆ ರಾಜರು ಕೆರೆ ಕಟ್ಟಿಸುತ್ತಿದ್ದರು. (3) ಮಳೆಗಾಲದಲ್ಲಿ ಹೊಲದ ಮಣ್ಣು ಬಂದು ಹೂಳು ತುಂಬಿ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. (4) ನಮ್ಮ ಅಜ್ಜ ಈ ಕೆರೆಯಲ್ಲಿ ಈಜು ಕಲಿತರು. (5) ಮೊದಲು ಬೇಸಿಗೆಯಲ್ಲಿ ರೈತರು ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. (6) ಈಗ ಅಂಗಡಿ ಗೊಬ್ಬರ ಬಂದು ಯಾರೂ ಗೋಡು ಹೊಡೆಯುವುದಿಲ್ಲ. (7) ಅಂಗಡಿ ಗೊಬ್ಬರದಿಂದ ಆರೋಗ್ಯ ಹಾಳಾಗುತ್ತದೆ. (8) ನೀರೇ ಜೀವ, ಎಲ್ಲರೂ ನೀರು ಉಳಿಸಬೇಕು.

ಹುಡುಗನನ್ನು ಕೂರಿಸಿಕೊಂಡು, "ಈ ಪ್ಯಾರಾದಲ್ಲಿ ನೀನು ಹೇಳಬೇಕೆಂದಿರುವುದು ಏನಪ್ಪಾ?" ಎಂದು ಕೇಳಿದೆ. "ಕೆರೆ ಬಗ್ಗೆ ಸರ್" ಎಂದ. "ಕೆರೆಗೆ ಏನಾಗಿದೆ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಗೋಡು ಹೊಡೆಯೋದು ನಿಂತುಹೋಯ್ತು, ಅದಕ್ಕೇ ನೀರು ನಿಲ್ತಿಲ್ಲ" ಎಂದ. ಇದೇ ಅವನ ಮುಖ್ಯವಾಕ್ಯ. "ಕೆರೆ ಇದೆ" ಎಂಬುದು ಮುಖ್ಯವಾಕ್ಯ ಆಗಲಾರದು, ಏಕೆಂದರೆ ಅದರ ಕೆಳಗೆ ಯಾವ ವಾಕ್ಯವನ್ನಿಟ್ಟರೂ ನಡೆದೀತು. ಏಕೆ, ಹೇಗೆ ಎಂದು ಓದುಗ ಕೇಳುವಂತೆ ಮಾಡುವುದೇ ಮುಖ್ಯವಾಕ್ಯದ ಲಕ್ಷಣ.

ಅದನ್ನು ಮೇಲೆ ಬರೆದುಕೊಂಡು ಉಳಿದ ಒಂದೊಂದು ವಾಕ್ಯವನ್ನೂ ಅದರ ಎದುರಿಗೆ ಇಟ್ಟು ನೋಡಿದೆವು. ಎರಡನೆಯದು ಕೆರೆಯ ಚರಿತ್ರೆ, ಇಲ್ಲಿ ಕೆಲಸವಿಲ್ಲ. ಎಂಟನೆಯದನ್ನು ಬಾವಿ, ನಲ್ಲಿ, ಮಳೆ ಎಂದು ಯಾವ ಪ್ರಬಂಧಕ್ಕೆ ಬೇಕಾದರೂ ಅಂಟಿಸಬಹುದು, ಅದನ್ನೂ ಬಿಟ್ಟೆವು. ಏಳನೆಯದರಲ್ಲಿ ಹುಡುಗ ಪಟ್ಟು ಹಿಡಿದ. "ಹಿಂದಿನ ವಾಕ್ಯದಲ್ಲಿ ಅಂಗಡಿ ಗೊಬ್ಬರ ಇದೆಯಲ್ಲ ಸರ್, ಸಂಬಂಧ ಇದೆ" ಎಂದ. ಮಕ್ಕಳು ಎಡವುವುದು ಇಲ್ಲೇ. ಜಾರುವ ವಾಕ್ಯ ಆಕಾಶದಿಂದ ಬೀಳುವುದಿಲ್ಲ. ಪಕ್ಕದ ವಾಕ್ಯದ ಒಂದು ಪದವನ್ನು ಹಿಡಿದು ಒಳಗೆ ಬರುತ್ತದೆ. ಆದ್ದರಿಂದ ಓದುವಾಗ ಕಿವಿಗೆ ಏನೂ ತಪ್ಪು ಕೇಳಿಸುವುದಿಲ್ಲ.

ಹಾಗಾದರೆ ಆರನೆಯದು ಉಳಿದು ಏಳನೆಯದು ಹೋಗುವುದೇಕೆ? ಎರಡೂ ಅಂಗಡಿ ಗೊಬ್ಬರದ ಮಾತೇ. ಒಂದೊಂದನ್ನು ಕೈಯಿಂದ ಮುಚ್ಚಿ ಓದಿ ನೋಡಲು ಹೇಳಿದೆ. ಆರನೆಯದನ್ನು ಮುಚ್ಚಿದರೆ ಗೋಡು ಹೊಡೆಯುವುದು ಏಕೆ ನಿಂತಿತೆಂಬುದೇ ಗೊತ್ತಾಗುವುದಿಲ್ಲ. ಏಳನೆಯದನ್ನು ಮುಚ್ಚಿದರೆ ಏನೂ ಕಡಿಮೆಯಾಗುವುದಿಲ್ಲ. ಹುಡುಗ ತಾನೇ ಪೆನ್ಸಿಲಿನಿಂದ ಗೆರೆ ಎಳೆದ.

ಉಳಿದದ್ದು ನಾಲ್ಕನೆಯದು, ಅಜ್ಜನ ಈಜು. ಆಕ್ಷೇಪಿಸಿದವರಿಗೆ ಇದ್ದ ಭಯವೂ ಇದರದೇ. ಇದ್ದ ಹಾಗೆಯೇ ಅದು ಹೊರಗಿನ ಮಾತು. ಆದರೆ ಅದನ್ನು ಅಳಿಸಲು ನಾನು ಹೇಳಲಿಲ್ಲ. "ಅಜ್ಜ ಈಜಿದ ಜಾಗದಲ್ಲಿ ಈಗ ಎಷ್ಟು ನೀರಿದೆ?" ಎಂದು ಕೇಳಿದೆ. ಉತ್ತರವನ್ನು ಅವನೇ ಬರೆದ. ತಿದ್ದಿದ ಪ್ಯಾರಾ ಹೀಗಾಯಿತು:

ಗೋಡು ಹೊಡೆಯುವ ರೂಢಿ ನಿಂತದ್ದರಿಂದ ನಮ್ಮೂರ ಕೆರೆಯಲ್ಲಿ ನೀರು ನಿಲ್ಲುತ್ತಿಲ್ಲ. ಮಳೆಗಾಲದಲ್ಲಿ ಹೊಲದ ಮಣ್ಣು ಕೊಚ್ಚಿ ಬಂದು ಕೆರೆಯ ತಳದಲ್ಲಿ ಕೂರುತ್ತದೆ. ಮೊದಲು ಬೇಸಿಗೆಯಲ್ಲಿ ರೈತರು ಆ ಗೋಡನ್ನು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಅಂಗಡಿ ಗೊಬ್ಬರ ಬಂದ ಮೇಲೆ ಆ ಕೆಲಸ ನಿಂತಿತು. ನಮ್ಮ ಅಜ್ಜ ಈಜು ಕಲಿತ ಜಾಗದಲ್ಲಿ ಈಗ ನನ್ನ ಮೊಣಕಾಲು ಮುಳುಗುವಷ್ಟೂ ನೀರಿಲ್ಲ.

ಎಂಟು ವಾಕ್ಯ ಐದಾದವು. ಬಡವಾಯಿತೆ? ಮೊದಲು ಎಲ್ಲೋ ಕಳೆದುಹೋಗಿದ್ದ ಅಜ್ಜ ಈಗ ಇಡೀ ಪ್ಯಾರಾಕ್ಕೆ ಸಾಕ್ಷಿಯಾಗಿ ನಿಂತಿದ್ದಾರೆ. ರಾಜರ ಮಾತೂ ವ್ಯರ್ಥವಾಗಲಿಲ್ಲ. ಕೆರೆ ಕಟ್ಟಿಸಿದವರ ಬಗ್ಗೆ ಅವನು ಬೇರೆ ಪ್ಯಾರಾ ಬರೆಯುವಾಗ ಅದು ಅಲ್ಲಿಗೆ ಹೋಗುತ್ತದೆ. ಜಾರಿದ ವಾಕ್ಯಕ್ಕೆ ಮೂರು ದಾರಿಗಳಿವೆ: ಮುಖ್ಯವಾಕ್ಯಕ್ಕೆ ಹೊಂದುವಂತೆ ತಿದ್ದುವುದು, ಬೇರೆ ಪ್ಯಾರಾಕ್ಕೆ ಒಯ್ಯುವುದು, ಎರಡೂ ಆಗದಿದ್ದರೆ ತೆಗೆಯುವುದು. ಕೆಂಪು ಶಾಯಿಯಲ್ಲಿ "ಅಪ್ರಸ್ತುತ" ಎಂದು ಬರೆದು ಪುಸ್ತಕ ಹಿಂತಿರುಗಿಸಿದರೆ ಮಗುವಿಗೆ ಮೂರನೆಯ ದಾರಿ ಮಾತ್ರ ಕಾಣುತ್ತದೆ. ಆ ತಪ್ಪನ್ನು ನಾನೂ ಬಹುಕಾಲ ಮಾಡಿದ್ದೇನೆ.

ಕೊನೆಯ ಆಕ್ಷೇಪ: "ದೊಡ್ಡ ಲೇಖಕರು ಯಾರೂ ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡುವುದಿಲ್ಲ."

ಬಹಳಷ್ಟು ನಿಜ. ಅಮೆರಿಕದ ರಿಚರ್ಡ್ ಬ್ರಾಡಕ್ 1974ರಲ್ಲಿ ಪತ್ರಿಕೆಗಳ ವಿಚಾರ ಲೇಖನಗಳನ್ನು ಪರಿಶೀಲಿಸಿದಾಗ ಮುಖ್ಯವಾಕ್ಯದಿಂದ ಆರಂಭವಾಗುವ ಪ್ಯಾರಾಗಳು ಸುಮಾರು ಶೇ. 13 ಮಾತ್ರ ಕಂಡವು. ನಮ್ಮ ಲಲಿತ ಪ್ರಬಂಧಗಳ ಸೊಗಸೂ ಅವುಗಳ ಅಲೆದಾಟದಲ್ಲೇ ಇದೆ. ಆದರೆ ಬ್ರಾಡಕ್ ಎಣಿಸಿದ್ದು ಮುಖ್ಯವಾಕ್ಯ ಎಲ್ಲಿದೆ, ಇದೆಯೋ ಇಲ್ಲವೋ ಎಂಬುದನ್ನು. ಪ್ಯಾರಾ ದಾರಿ ತಪ್ಪಬಹುದೆಂದು ಅದರಿಂದ ಸಿದ್ಧವಾಗುವುದಿಲ್ಲ. ಮುಖ್ಯವಾಕ್ಯ ಮೊದಲೇ ಇರಬೇಕೆಂದು ನಾನು ಮಕ್ಕಳಿಗೆ ಹೇಳುವುದು ಓದುಗನಿಗಿಂತ ಬರೆಯುವವನಿಗಾಗಿ. ಕೆಳಗಿನ ವಾಕ್ಯಗಳನ್ನು ಬರೆಯುವಾಗ ಅದು ಅವನ ಕಣ್ಣೆದುರಿಗೆ ಇರಬೇಕು. ಕೈ ಪಳಗಿದ ಮೇಲೆ ಅದನ್ನು ಕೊನೆಗೆ ಇಡಲಿ, ಬೇಕಾದರೆ ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಳ್ಳಲಿ. ಕಥೆಗೂ ಲಲಿತ ಪ್ರಬಂಧಕ್ಕೂ ಈ ನಿಯಮವನ್ನು ನಾನು ಹೇರುವುದಿಲ್ಲ.

ಮುಂದಿನ ಸಭೆಗೆ ನಿಮ್ಮ ನಿಮ್ಮ ತರಗತಿಯ ಒಂದೊಂದು ಪ್ಯಾರಾ ತನ್ನಿ. ಏಳನೆಯ ವಾಕ್ಯದಂಥದ್ದನ್ನು ಕೈಯಿಂದ ಮುಚ್ಚಿ ಓದೋಣ. ಅದು ಹೋದಾಗ ಪ್ಯಾರಾದಿಂದ ಏನು ಕಳೆಯಿತೆಂದು ಯಾರಾದರೂ ತೋರಿಸಿದರೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.