ಮಾವ ಚಿಕ್ಕಪ್ಪನಾದ ಕಥೆ

ಗಲ್ಫಿನಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಯುವಕನೊಬ್ಬ ಅಲ್ಲೇ ತೀರಿಕೊಂಡ. ಮದುವೆ ಆಗಿರಲಿಲ್ಲ. ಒಡಹುಟ್ಟಿದವರಿಲ್ಲ, ತಂದೆ ಮೊದಲೇ ಹೋಗಿದ್ದರು, ತಂದೆಯ ಕಡೆಯವರೂ ಯಾರೂ ಉಳಿದಿರಲಿಲ್ಲ. ಇದ್ದದ್ದು ಉಮ್ಮ ಮತ್ತು ಉಮ್ಮನ ತಮ್ಮ. ಬರಬೇಕಾದ ಹಣಕ್ಕಾಗಿ ಅಲ್ಲಿನ ಕಚೇರಿಗೆ ಅರಬಿಯಲ್ಲಿ ಒಂದು ಪತ್ರ ಬೇಕಾಯಿತು. ನೆಂಟರ ಹುಡುಗ ಕನ್ನಡದಲ್ಲಿ ಬರೆದು ಮೊಬೈಲಿನ ಅನುವಾದ ಆ್ಯಪ್‌ಗೆ ಹಾಕಿದ. "ಅವನಿಗೆ ಇರುವುದು ತಾಯಿ ಮತ್ತು ಮಾವ ಮಾತ್ರ" ಎಂಬ ಸಾಲು ಅರಬಿಯಾಗಿ ಬಂತು. ಸರಿ ಇದೆಯಾ ಎಂದು ಅದನ್ನೇ ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದ. "ತಾಯಿ ಮತ್ತು ಅಂಕಲ್" ಎಂದು ಬಂತು. ಹುಡುಗನಿಗೆ ಸಮಾಧಾನವಾಯಿತು.

ಕಳಿಸುವ ಮೊದಲು ಮದ್ರಸದ ಉಸ್ತಾದರಿಗೆ ತೋರಿಸಿದ್ದು ಒಳ್ಳೆಯದಾಯಿತು. ಪತ್ರದಲ್ಲಿ ಮಾವನ ಜಾಗದಲ್ಲಿ 'ಅಮ್ಮ್' ಎಂದಿತ್ತು. ನಮ್ಮ ಕನ್ನಡದ ಅಮ್ಮ ಅಲ್ಲ, ಅರಬಿಯ 'ಅಮ್ಮ್' ಅಂದರೆ ತಂದೆಯ ಸಹೋದರ. ತಾಯಿಯ ಸಹೋದರನಿಗೆ ಅಲ್ಲಿ 'ಖಾಲ್' ಎನ್ನುತ್ತಾರೆ.

ಒಂದು ಪದ ತಾನೇ ಎನ್ನುವಂತಿಲ್ಲ. ಲೆಕ್ಕ ಹಾಕಿ ನೋಡೋಣ. ಬರಬೇಕಾದ್ದು 6 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ತಾಯಿ ಮತ್ತು 'ಅಮ್ಮ್' ಇಬ್ಬರೇ ಇದ್ದರೆ ಫರಾಯಿಝ್ ಪ್ರಕಾರ ತಾಯಿಗೆ ಮೂರರಲ್ಲಿ ಒಂದು ಪಾಲು, ಅಂದರೆ 2 ಲಕ್ಷ. ಉಳಿದ 4 ಲಕ್ಷ ಶೇಷದ ಹಕ್ಕುದಾರನಾದ 'ಅಮ್ಮ್'ಗೆ. ಇರುವುದು 'ಖಾಲ್' ಆದರೆ, ತಾಯಿ ಬದುಕಿರುವಾಗ ಅವನಿಗೆ ಪಾಲೇ ಇಲ್ಲ. ಮಗನನ್ನು ಕಳೆದುಕೊಂಡ ಉಮ್ಮನ ಪಾಲನ್ನು ಒಂದು ಆ್ಯಪ್ ಹೀಗೆ ಅಡಿಮೇಲು ಮಾಡಲಿತ್ತು.

ಎಲ್ಲಿ ತಪ್ಪಿತು? ಕನ್ನಡ ತಿಳಿಯದ್ದಲ್ಲ, ಅರಬಿ ತಿಳಿಯದ್ದೂ ಅಲ್ಲ. ಇಂಥ ಯಂತ್ರಗಳು ಕಲಿಯುವುದು ಎರಡು ಭಾಷೆಗಳಲ್ಲಿ ಜೋಡಿಯಾಗಿ ಸಿಗುವ ವಾಕ್ಯಗಳಿಂದ. ಕನ್ನಡ-ಇಂಗ್ಲಿಷ್ ಜೋಡಿಗಳು ಬೇಕಾದಷ್ಟಿವೆ, ಅರಬಿ-ಇಂಗ್ಲಿಷ್ ಇನ್ನೂ ಹೆಚ್ಚು. ನೇರ ಕನ್ನಡ-ಅರಬಿ ಜೋಡಿ ಮಾತ್ರ ಬಹಳ ಕಡಿಮೆ. ಹಾಗಾಗಿ ಕನ್ನಡವನ್ನು ಮೊದಲು ಇಂಗ್ಲಿಷಿಗೆ, ಅಲ್ಲಿಂದ ಅರಬಿಗೆ ದಾಟಿಸುವುದು ಹಳೆಯ ಉಪಾಯ. ನಡುವೆ ಇರುವ ಇಂಗ್ಲಿಷ್ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಇಂಗ್ಲಿಷಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ಒಂದೇ ಅಂಕಲ್. ನಮಗೂ ಅರಬರಿಗೂ ಇರುವ ವ್ಯತ್ಯಾಸ ಆ ಸೇತುವೆಯ ಮೇಲೆ ಬಿದ್ದುಹೋಗುತ್ತದೆ, ಆಚೆ ದಡದಲ್ಲಿ ಯಂತ್ರ ಊಹೆಯಿಂದ ಒಂದನ್ನು ಆರಿಸುತ್ತದೆ. ತಾಯಿಯ ಸಹೋದರಿ 'ಖಾಲ', ತಂದೆಯ ಸಹೋದರಿ 'ಅಮ್ಮ' ಎಂದು ಸೂರಃ ಅನ್ನಿಸಾದ 23ನೇ ಆಯತ್ ಕೂಡ ಬೇರೆ ಬೇರೆ ಪದಗಳಲ್ಲೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಅವರಿಬ್ಬರೂ ಬರೇ ಆಂಟಿ.

ಸಂಬಂಧದ ಪದಗಳಲ್ಲಿ ಮಾತ್ರ ಹೀಗಾಗುವುದಲ್ಲ. ಅರಬಿಯಲ್ಲಿ 'ಸದೀಖತೀ' ಎಂದರೆ ನನ್ನ ಸ್ನೇಹಿತೆ. ಇಂಗ್ಲಿಷಿನ ಫ್ರೆಂಡ್‌ಗೆ ಗಂಡು ಹೆಣ್ಣಿಲ್ಲ, ಕನ್ನಡಕ್ಕೆ ಬರುವಾಗ ಆಕೆ 'ಸ್ನೇಹಿತ' ಆಗಿರುವ ಸಾಧ್ಯತೆ ಇದೆ.

ನ್ಯಾಯವಾಗಿ ಹೇಳಬೇಕಾದರೆ ಎಲ್ಲವೂ ಇಂಗ್ಲಿಷಿನ ತಪ್ಪಲ್ಲ. ನಮ್ಮ 'ಮಾವ' ಕೂಡ ಸ್ವಲ್ಪ ಕಿತಾಪತಿಯ ಪದವೇ. ಹೆಂಡತಿಯ ತಂದೆಯೂ ಮಾವ, ತಾಯಿಯ ತಮ್ಮನೂ ಮಾವ. ನೇರ ಅನುವಾದಕನೂ ಅಲ್ಲಿ ಕೇಳಿಯೇ ಬರೆಯಬೇಕು. ಆದರೆ 'ಚಿಕ್ಕಪ್ಪ'ನಲ್ಲಿ ಅಂಥ ಗೊಂದಲ ಕಡಿಮೆ. ಹಾಗಾಗಿ ಪರೀಕ್ಷೆ ಸುಲಭ: ಚಿಕ್ಕಪ್ಪ ಮತ್ತು ಸೋದರಮಾವ ಎರಡನ್ನೂ ಬೇರೆ ಬೇರೆ ಹಾಕಿ ಅರಬಿ ನೋಡಿ. ಎರಡಕ್ಕೂ ಒಂದೇ ಪದ ಬಂದರೆ ನಡುವೆ ಅಂಕಲ್ ಕೂತಿರುವ ಸಾಧ್ಯತೆ ಹೆಚ್ಚು. ಹುಡುಗ ಮಾಡಿದ ಹಾಗೆ ತಿರುಗಿಸಿ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಹೋದ ಸೇತುವೆಯಲ್ಲೇ ವಾಪಸ್ ಬಂದರೆ ಬಿದ್ದದ್ದು ಹೇಗೆ ಗೊತ್ತಾಗಬೇಕು?

ದಾರಿ ಇಲ್ಲದೆ ಇಲ್ಲ. ಸಂಬಂಧದ ಹೆಸರು ಬಿಟ್ಟು ಸಂಬಂಧವನ್ನೇ ಬಿಡಿಸಿ ಬರೆದರೆ, "ತಾಯಿಯ ತಮ್ಮ" ಎಂದು ಹಾಕಿದರೆ, ಅದು ಇಂಗ್ಲಿಷ್ ದಾಟಿಯೂ ಬಹುತೇಕ ಹಾಗೆಯೇ ಉಳಿಯುತ್ತದೆ. ಉಸ್ತಾದರು ಮಾಡಿಸಿದ್ದೂ ಅದನ್ನೇ. ಆದರೆ ವಾರಸು, ನಿಕಾಹ್, ವಕಾಲತ್ತಿನ ಕಾಗದಗಳನ್ನು ಆ್ಯಪ್‌ಗೆ ಬಿಡಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಮತ್ತೊಂದು ಮಾತು. ಕನ್ನಡವೂ ಅರಬಿಯೂ ಎರಡೂ ಓದಬಲ್ಲವರು ನಮ್ಮ ಮದ್ರಸಗಳಲ್ಲಿ ಇದ್ದಾರೆ, ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಬಂದವರಲ್ಲೂ ಇದ್ದಾರೆ. ಸಂಬಂಧ, ಪಾಲು, ಸಂಬಳ, ಆಸ್ಪತ್ರೆ ಇಷ್ಟಕ್ಕೆ ಸಂಬಂಧಿಸಿದ ಒಂದಿನ್ನೂರು ಪದ ಮತ್ತು ವಾಕ್ಯಗಳನ್ನು ಇಂಗ್ಲಿಷನ್ನು ಮುಟ್ಟದೆ ಎದುರುಬದುರು ಬರೆದಿಟ್ಟರೆ ಜಮಾಅತ್ ಕಚೇರಿಯ ಕಪಾಟಿನಲ್ಲಿ ಇಡಬಹುದಾದ ಪುಸ್ತಕವಾಗುತ್ತದೆ. ಮೊದಲ ಪುಟಕ್ಕೆ ಚಿಕ್ಕಪ್ಪ ಮತ್ತು ಸೋದರಮಾವ ಸಾಕು.