ಕಂತು ಅವರದು, ದಿನಸಿ ನನ್ನದು… ಈ ಲೆಕ್ಕ ಸರಿಯೇ?

'ಮನೆ ಸಾಲದ ಕಂತು ನಾನು ಕಟ್ತೀನಿ, ದಿನಸಿ, ತರಕಾರಿ, ಮಗು ಫೀಸು ನೀನು ನೋಡ್ಕೋ.' ಇಬ್ಬರೂ ದುಡಿಯುವ ಮನೆಗಳಲ್ಲಿ ಗಂಡ ಹೀಗೆ ಹೇಳುವುದು, ಹೆಂಡತಿ ಖುಷಿಯಿಂದ ಒಪ್ಪುವುದು ಮಾಮೂಲು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ಅಲ್ವಾ?

ನಾನು ಸಂಬಳ ತರುವವಳಲ್ಲ. ಆದರೆ ನನ್ನ ಓರಗಿತ್ತಿ ದುಡಿಯುತ್ತಾಳೆ. ಮೈದುನನ ಕೈಗೆ ತಿಂಗಳಿಗೆ 60,000 ರೂಪಾಯಿ ಬಂದರೆ ಇವಳಿಗೆ 40,000. ಎಂಟು ವರ್ಷ ಅವರ ಮನೆ ನಡೆದದ್ದು ಇದೇ ಒಪ್ಪಂದದ ಮೇಲೆ. ಮೊನ್ನೆ ಹಬ್ಬಕ್ಕೆ ಬಂದಾಗ ಸಪ್ಪಗೆ ಹೇಳಿದಳು, 'ಅಕ್ಕಾ, ಅವರು ಕಟ್ಟಿದ್ದು ಫ್ಲ್ಯಾಟ್ ಆಯ್ತು. ನಾನು ಕಟ್ಟಿದ್ದು ತಿಂದು ಖಾಲಿ ಆಯ್ತು.'

ಜಗಳ ಮಾಡಲು ಹೇಳಿದ ಮಾತಲ್ಲ ಅದು, ನಿಜ. ಇವಳು ದಿನಸಿ ತಂದದ್ದರಿಂದಲೇ ಅವನಿಗೆ ಕಂತು ಕಟ್ಟಲು ಸಾಧ್ಯವಾಯಿತು. ಆದರೆ ಕ್ರಯಪತ್ರದಲ್ಲಿರುವುದು ಅವನೊಬ್ಬನ ಹೆಸರು. 'ಸಾಲಕ್ಕೆ ನಾನೂ ಸಹಿ ಹಾಕಿದೀನಲ್ಲ' ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಸಾಲದ ಪತ್ರಕ್ಕೆ ಸಹಿ ಹಾಕಿದರೆ ತೀರಿಸುವ ಹೊಣೆ ಬರುತ್ತದೆಯೇ ಹೊರತು ಒಡೆತನ ಬರುವುದಿಲ್ಲ. ಮನೆ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಈಗಾಗಲೇ ಕೊಂಡಿದ್ದರೆ ಗಂಡ ತನ್ನ ಪಾಲಿನಲ್ಲಿ ಒಂದು ಭಾಗವನ್ನು ನೋಂದಾಯಿತ ದಾನಪತ್ರದ ಮೂಲಕ ಹೆಂಡತಿಗೆ ಕೊಡಬಹುದು. ಕರ್ನಾಟಕದಲ್ಲಿ ಗಂಡ-ಹೆಂಡತಿ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಮನೆಯ ಬೆಲೆಯ ಮೇಲೆ ಲೆಕ್ಕವಾಗುವುದಿಲ್ಲ, ನಿಗದಿತ ಮೊತ್ತ ಅಷ್ಟೆ. ಸಾಲ ಇನ್ನೂ ಬಾಕಿ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪಡೆಯಬೇಕು.

ಇನ್ನು ತಿಂಗಳ ಖರ್ಚು. 'ಇದು ನಿಂದು, ಅದು ನಂದು' ಅಂತ ಬಾಬ್ತು ಹಂಚಿಕೊಳ್ಳುವ ಬದಲು ಎಲ್ಲವನ್ನೂ ಒಂದೇ ಪಟ್ಟಿಗೆ ತನ್ನಿ. ಓರಗಿತ್ತಿ, ಮೈದುನ ಒಂದು ಭಾನುವಾರ ಕೂತು ಬರೆದ ಪಟ್ಟಿ ಹೀಗಿತ್ತು: ಕಂತು 22,000, ದಿನಸಿ-ಹಾಲು-ತರಕಾರಿ-ಗ್ಯಾಸ್ 13,000, ಕರೆಂಟು-ನೀರು-ಫೋನು-ಮೇಂಟೆನೆನ್ಸ್ 5,000, ಮನೆಗೆಲಸದವಳ ಸಂಬಳ 2,000. ವರ್ಷಕ್ಕೊಮ್ಮೆ ಕಟ್ಟುವ ಶಾಲೆ ಫೀಸು 72,000 ಅನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ 6,000. ಒಟ್ಟು 48,000.

ಇದಕ್ಕೆ ಇಬ್ಬರೂ ಒಪ್ಪಿದ ಎರಡು ಗುರಿ ಸೇರಿಸಿದರು. ಮೂರು ತಿಂಗಳ ಖರ್ಚಿನಷ್ಟು, ಅಂದರೆ 1,44,000 ರೂಪಾಯಿ ಆಪತ್ಕಾಲದ ಹಣ ಮೊದಲನೆಯದು. ತಿಂಗಳಿಗೆ 6,000 ಆರ್.ಡಿ. ಕಟ್ಟಿದರೆ ಎರಡು ವರ್ಷದಲ್ಲಿ ಆಯ್ತು. ಇನ್ನೊಂದು 6,000 ಮಗಳ ಓದಿಗೆ. ಅಲ್ಲಿಗೆ ಒಟ್ಟು 60,000.

ಸಮಪಾಲು ಮಾಡಿದರೆ ತಲಾ 30,000. ಆಗ ಅವನ ಕೈಯಲ್ಲಿ 30,000 ಉಳಿಯುತ್ತದೆ, ಇವಳಲ್ಲಿ ಬರೀ 10,000! ಸಂಬಳಕ್ಕೆ ತಕ್ಕಂತೆ ಹಂಚಿದರೆ ಅವನು 36,000, ಇವಳು 24,000 ಹಾಕಬೇಕು. ಉಳಿಯುವುದು ಅವನಿಗೆ 24,000, ಇವಳಿಗೆ 16,000. ನನ್ನ ಮಟ್ಟಿಗೆ ಇದೇ ನ್ಯಾಯ.

ಸಂಬಳದ ಖಾತೆಗಳು ಅವರವರ ಹೆಸರಲ್ಲೇ ಇರಲಿ. ಮನೆಖರ್ಚಿಗೆ ಮಾತ್ರ ಮೂರನೆಯದೊಂದು ಜಂಟಿ ಖಾತೆ ತೆರೆಯಿರಿ. ಅರ್ಜಿಯಲ್ಲಿ 'ಐದರ್ ಆರ್ ಸರ್ವೈವರ್' ಅನ್ನುವುದನ್ನು ಗುರುತು ಮಾಡಿ. ಆಗ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು, ಒಬ್ಬರಿಗೆ ಏನಾದರೂ ಆದರೂ ಇನ್ನೊಬ್ಬರ ಕೈ ಕಟ್ಟಿಹೋಗುವುದಿಲ್ಲ. ಸಂಬಳ ಬಂದ ಮರುದಿನವೇ ಇಬ್ಬರ ಪಾಲೂ ತಾನಾಗಿ ಈ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ತಿಂಗಳು ತಿಂಗಳು ಕೇಳುವ ಮುಜುಗರ ಇರುವುದಿಲ್ಲ.

ಕೈಯಲ್ಲಿ ಉಳಿದ ಹಣ ಅವರವರದು. ತವರಿಗೆ ಕಳಿಸಲಿ, ಸೀರೆ ಕೊಳ್ಳಲಿ, ಚೀಟಿ ಹಾಕಲಿ, ಲೆಕ್ಕ ಕೇಳಬಾರದು. ಇಬ್ಬರ ಸಂಬಳವನ್ನೂ ಒಂದೇ ಖಾತೆಗೆ ಸುರಿದವರ ಮನೆಯಲ್ಲಿ ಜಗಳ ಶುರುವಾಗುವುದು ಸಾಮಾನ್ಯವಾಗಿ ಇಲ್ಲೇ.

ಇಪ್ಪತ್ತನೇ ತಾರೀಖಿಗೇ ಜಂಟಿ ಖಾತೆ ಬರಿದಾದರೆ ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೊಮ್ಮೆ ಬರುವ ವಿಮಾ ಕಂತೋ, ಹಬ್ಬದ ಖರ್ಚೋ ಪಟ್ಟಿಯಿಂದ ಬಿಟ್ಟುಹೋಗಿರುತ್ತದೆ. ಇಲ್ಲವೇ ಸ್ವಂತದ ಖರೀದಿಗೂ ಅದೇ ಕಾರ್ಡು ಉಜ್ಜಿರುತ್ತೀರಿ!

ಹೆರಿಗೆಗೋ, ಅತ್ತೆ-ಮಾವನ ಆರೈಕೆಗೋ ಹೆಂಡತಿ ಕೆಲಸ ಬಿಟ್ಟರೆ? ಆಗ ಅವಳ ಪಾಲು ಸೊನ್ನೆ, ಗಂಡನದು ಪೂರ್ತಿ. ಹೊಸ ಪಟ್ಟಿ ಬರೆಯಿರಿ, ಅದರಲ್ಲಿ ಅವಳ ಕೈಖರ್ಚಿಗೂ ಒಂದು ಸಾಲು ಇರಲಿ. ಮನೆಯಲ್ಲಿರುವ ನಾವೂ ಕೇಳಬೇಕಾದದ್ದು ಆ ಒಂದು ಸಾಲನ್ನೇ. ಏನಂತೀರಿ?